ಮೂವರ ಅಂಕ ಬದಲಾದರೆ ನೂರಾರು ರ್‍ಯಾಂಕ್ ಕದಲುವುದು ಹೇಗೆ? ನೀವೇ ಲೆಕ್ಕ ಹಾಕಿ

ಮರುಮೌಲ್ಯಮಾಪನದ ನಂತರ ಹೊಸ ಪಟ್ಟಿ ಬಂದಾಗಲೆಲ್ಲ ಇದೇ ಪ್ರಶ್ನೆ: ‘ನನ್ನ ಅಂಕ ಹಾಗೇ ಇದೆ, ರ್‍ಯಾಂಕ್ ಯಾಕೆ ಇಳಿಯಿತು?’ ನಿಮಗಿಂತ ಜಾಸ್ತಿ ಅಂಕ ಪಡೆದವರು ಎಷ್ಟು ಜನರೋ ಅದಕ್ಕೆ ಒಂದು ಸೇರಿಸಿದರೆ ನಿಮ್ಮ ರ್‍ಯಾಂಕ್. ನಿಮ್ಮ ಉತ್ತರಪತ್ರಿಕೆಯನ್ನು ಯಾರೂ ಮುಟ್ಟದಿದ್ದರೂ ಆ ಸಂಖ್ಯೆ ಬದಲಾಗಬಹುದು.

ಮೊದಲು, ಅಂಕ ಬದಲಾದವರ ಹಳೆಯ ಅಂಕ ಮತ್ತು ಹೊಸ ಅಂಕ ಎರಡನ್ನೂ ಬರೆದುಕೊಳ್ಳಿ. ‘ಎಂಟು ಅಂಕ ಏರಿತು’ ಎಂದಷ್ಟೇ ಗೊತ್ತಿದ್ದರೆ ಸಾಲದು.

ಮುಂದಿನ ಹಂತದಲ್ಲೇ ಎಲ್ಲರೂ ಎಡವುತ್ತಾರೆ. ಅಂಕ ಏರಿದವರ ಸಂಖ್ಯೆಯನ್ನು ಸುಮ್ನೆ ತಮ್ಮ ರ್‍ಯಾಂಕಿಗೆ ಕೂಡಿಸಿಬಿಡುತ್ತಾರೆ. ಹಾಗೆ ಮಾಡಬೇಡಿ. ನಿಮ್ಮನ್ನು ದಾಟಿ ಹೋದವರನ್ನು ಮಾತ್ರ ಎಣಿಸಿ. ಒಂದು ಉದಾಹರಣೆ ನೋಡೋಣ. ಒಬ್ಬರ ಅಂಕ 540ರಿಂದ 548ಕ್ಕೆ ಏರಿತು. ಇನ್ನೊಬ್ಬರದು 531ರಿಂದ 545ಕ್ಕೆ ಏರಿತು. ಮೂರನೆಯವರದು 552ರಿಂದ 546ಕ್ಕೆ ಇಳಿಯಿತು. (ಇಳಿದ ಅಂಕವನ್ನು ಪರಿಗಣಿಸದ ಪರೀಕ್ಷೆಗಳೂ ಇವೆ, ನಿಯಮ ನೋಡಿಕೊಳ್ಳಿ.)

ನಿಮ್ಮದು 544 ಆಗಿದ್ದರೆ ಮೊದಲಿಬ್ಬರೂ ನಿಮ್ಮನ್ನು ದಾಟಿದರು. ಮೂರನೆಯವರು ಆಗಲೂ ಮುಂದಿದ್ದರು, ಈಗಲೂ ಮುಂದಿದ್ದಾರೆ. ಹಾಗಾಗಿ ನೀವು ಎರಡು ಸ್ಥಾನ ಕೆಳಗೆ. 535 ಆಗಿದ್ದರೆ ಒಂದೇ ಸ್ಥಾನ, ಏಕೆಂದರೆ 540 ಪಡೆದವರು ಮೊದಲೇ ಮುಂದಿದ್ದರು. 550 ಆಗಿದ್ದರೆ ನೀವೇ ಒಂದು ಸ್ಥಾನ ಮೇಲೆ. 547 ಪಡೆದವರಿಗೆ ಒಬ್ಬರು ಮುಂದೆ ಹೋದರು, ಒಬ್ಬರು ಹಿಂದೆ ಬಂದರು, ರ್‍ಯಾಂಕ್ ಬದಲಾಗಲಿಲ್ಲ.

ಈಗ 540ರಿಂದ 547ರವರೆಗೆ 300 ಜನ ಇದ್ದಾರೆ ಎಂದುಕೊಳ್ಳಿ. ಮೊದಲನೆಯವರ ಆ ಎಂಟು ಅಂಕವೊಂದೇ ಅಷ್ಟೂ ಜನರನ್ನು ಒಂದೊಂದು ಸ್ಥಾನ ಕೆಳಗೆ ತಳ್ಳುತ್ತದೆ. ಅದೇ ಎಂಟು ಅಂಕ ಪಟ್ಟಿಯ ತುದಿಯಲ್ಲಿ ಸೇರಿದ್ದರೆ ನಾಲ್ಕೈದು ಜನರಿಗಷ್ಟೇ ತಟ್ಟಬಹುದು, ಅಲ್ವಾ? ಎಷ್ಟು ಅಂಕ ಏರಿತು ಎಂಬುದಕ್ಕಿಂತ ಆ ಜಾಗದಲ್ಲಿ ಎಷ್ಟು ಜನ ಕಿಕ್ಕಿರಿದಿದ್ದಾರೆ ಎಂಬುದೇ ಮುಖ್ಯ.

ಪೂರ್ತಿ ಪಟ್ಟಿ ಕೈಯಲ್ಲಿದ್ದರೆ ಎಕ್ಸೆಲ್‌ನಲ್ಲಿ B ಕಾಲಂಗೆ ಹಳೆಯ ಅಂಕ, C ಕಾಲಂಗೆ ಹೊಸ ಅಂಕ ಹಾಕಿ. ಹೊಸ ರ್‍ಯಾಂಕಿಗೆ ಈ ಸೂತ್ರ ಬಳಸಿ:

```
=COUNTIF($C$2:$C$5001,">"&C2)+1
```

ಹಳೆಯ ರ್‍ಯಾಂಕಿಗೆ ಕಾಲಂ ಹೆಸರಾಗಿ C ಇದ್ದಲ್ಲೆಲ್ಲ B ಹಾಕಿ. ಡಾಲರ್ ಚಿಹ್ನೆ ಬಿಡಬೇಡಿ. ಬಿಟ್ಟರೆ ಸೂತ್ರವನ್ನು ಕೆಳಗೆ ಎಳೆದಂತೆ ಮೇಲಿನ ಸಾಲುಗಳು ಎಣಿಕೆಯಿಂದ ತಪ್ಪಿಹೋಗುತ್ತವೆ. ರ್‍ಯಾಂಕ್ ಕಾಲಂ ಅನ್ನು ಕೈಯಿಂದ ತಿದ್ದುವುದಂತೂ ಬೇಡವೇ ಬೇಡ.

ಸಮಾನ ಅಂಕ ಬಂದಾಗ ಒಂದು ವಿಷಯದ ಅಂಕ ಅಥವಾ ವಯಸ್ಸು ನೋಡಿ ಸ್ಥಾನ ಬೇರ್ಪಡಿಸುವ ನಿಯಮವಿದ್ದರೆ ಈ ಸೂತ್ರ ಸಾಲದು. ಸೂತ್ರದ ಪ್ರಕಾರ ಒಂದು ಸ್ಥಾನ ಮೇಲೇರಬೇಕಾದ, 548 ಪಡೆದಿದ್ದವರು ಆಗ ಇದ್ದಲ್ಲೇ ಉಳಿಯಬಹುದು.

ಕೊನೆಗೆ ಹಳೆಯ ಮತ್ತು ಹೊಸ ರ್‍ಯಾಂಕಿನ ವ್ಯತ್ಯಾಸ ತೆಗೆಯಿರಿ. ನಮ್ಮ ಉದಾಹರಣೆಯಲ್ಲಿ 531ಕ್ಕಿಂತ ಕಡಿಮೆ ಅಥವಾ 551ಕ್ಕಿಂತ ಜಾಸ್ತಿ ಇದ್ದು, ಅಂಕ ಬದಲಾಗದವರ ವ್ಯತ್ಯಾಸ ಸೊನ್ನೆಯೇ ಬರಬೇಕು. ಬೇರೇನಾದರೂ ಬಂದರೆ ಒಂದೇ ಕಾಲಂ ಸಾರ್ಟ್ ಆಗಿ ಅಂಕಗಳು ಯಾರದ್ದೋ ಹೆಸರಿನ ಮುಂದೆ ಕೂತಿವೆಯೇ ಎಂದು ಮೊದಲು ನೋಡಿ.