ಅರ್ಧ ಅಂಗಳ ಮಗುಚಿದ ಭಟ್ಟರು

ಕಾಸರಗೋಡು ಕಡೆಯ ಬದಿಯಡ್ಕದ ಆಚೆ ಒಂದು ಅಡಿಕೆ ತೋಟದ ಮನೆ. ಜನವರಿ ತಿಂಗಳು. ಭಟ್ಟರ ಹೆಂಡತಿ ತೀರಿಹೋಗಿ ಬೊಜ್ಜದ ಕ್ರಿಯೆಗಳೂ ಮುಗಿದಿವೆ, ನೆಂಟರೆಲ್ಲ ಹೊರಟುಹೋಗಿದ್ದಾರೆ. ಮರುದಿನ ಬೆಳಗ್ಗೆ ಮನೆಯಲ್ಲಿ ಭಟ್ಟರು, ಬೆಂಗಳೂರಿಂದ ಬಂದ ಮಗ, ಇಬ್ಬರೇ. ನನ್ನ ಕಥೆಗೆ ಬೇಕಾಗಿದ್ದದ್ದು ಈ ಬೆಳಗಿನ ಒಂದು ಪುಟ ಮಾತ್ರ. ‘ದುಃಖ’ ಅನ್ನುವ ಪದ ಎಲ್ಲೂ ಬರಬಾರದು ಅಂತ ನಾನೇ ಹಾಕಿಕೊಂಡ ಕಟ್ಟು. ಆ ಒಂದು ಪುಟಕ್ಕೆ ಎರಡು ತಿಂಗಳು ಹಿಡಿಯಿತು.

ಮೊದಲ ಸಲ ಬರೆದಾಗ ಆ ಪದ ಇರಲಿಲ್ಲ, ನಿಜ. ಆದರೆ ಭಟ್ಟರ ಗಂಟಲು ಕಟ್ಟಿತ್ತು, ಕಣ್ಣು ಮಂಜಾಗಿತ್ತು, ಎದೆ ಭಾರವಾಗಿತ್ತು. ಓದಿ ನೋಡಿದರೆ ಬಾಗಿಲಲ್ಲಿ ತಡೆದ ಪದವೇ ಕಿಟಕಿಯಿಂದ ಒಳಗೆ ಬಂದು ಕೂತಿತ್ತು. ಗಂಟಲು ಯಾರದ್ದೂ ಕಟ್ಟುತ್ತದೆ. ಅದರಲ್ಲಿ ಈ ಭಟ್ಟರು ಎಲ್ಲಿ?

ಎರಡನೇ ಸಲ ಅವರ ಕೈಯಲ್ಲಿ ಎರಡು ಲೋಟ ಕಾಫಿ ಮಾಡಿಸಿದೆ. ಒಂದು ಲೋಟ ಹಾಗೇ ತಣಿಯಿತು. ಬರೆದ ದಿನ ಭಾರೀ ಖುಷಿಯಾಗಿತ್ತು. ವಾರ ಬಿಟ್ಟು ನೋಡಿದರೆ, ಅದೇ ಲೋಟವನ್ನು ನಾನು ಎಷ್ಟು ಕಥೆಗಳಲ್ಲಿ, ಎಷ್ಟು ಸಿನಿಮಾಗಳಲ್ಲಿ ಕಂಡಿದ್ದೇನೋ ಲೆಕ್ಕವಿಲ್ಲ. ಅದೂ ಅಲ್ಲದೆ, ನಮ್ಮ ಕಡೆಯ ಆ ವಯಸ್ಸಿನ ಭಟ್ಟರು ಕಾಫಿ ಮಾಡಲು ಅಡುಗೆಮನೆಗೆ ಹೋಗುವವರೇ ಅಲ್ಲ!

ಆಗ ನೆನಪಾದದ್ದು ನನ್ನ ಚಿಕ್ಕಪ್ಪ. ಅಪ್ಪ ತೀರಿಕೊಂಡ ರಾತ್ರಿ ಅವರು ಟಾರ್ಚು ಹಿಡಿದು ಕೆರೆಗೆ ಇಳಿದು ಪಂಪಿನ ಫುಟ್‌ವಾಲ್ವ್ ಬಿಚ್ಚಿ ತೊಳೆಯುತ್ತಾ ಕೂತಿದ್ದರು. ಅದು ಕೆಟ್ಟಿರಲೇ ಇಲ್ಲ. ಸರಿ, ಭಟ್ಟರಿಗೂ ಒಂದು ಕೆಲಸ ಬೇಕು, ದಿನಾ ಮಾಡುವಂಥದ್ದು. ಆ ಕೆಲಸದಲ್ಲಿ ಒಂದು ತಪ್ಪು ಆಗಬೇಕು.

ಜನವರಿಯಲ್ಲಿ ನಮ್ಮ ಅಂಗಳದ ತುಂಬಾ ಅಡಿಕೆ. ಸಿಪ್ಪೆ ಸಮೇತ ಹಣ್ಣಡಿಕೆ ಹರಡಿದರೆ ಒಣಗಿ ಚಾಲಿಯಾಗಲು ಸುಮಾರು ನಲವತ್ತು ದಿನದ ಬಿಸಿಲು ಬೇಕು. ನಡುನಡುವೆ ಕಾಲಿನಿಂದ ಸಾಲು ಎಳೆಯುತ್ತಾ ಮಗುಚಬೇಕು. ಇಲ್ಲದಿದ್ದರೆ ಅಡಿಮಗ್ಗುಲು ಹಸಿಯಾಗೇ ಉಳಿದು ಬೂಷ್ಟು ಹಿಡಿಯುತ್ತದೆ. ಈ ಭಟ್ಟರ ಮನೆಯಲ್ಲಿ ಮಗುಚುವುದು ಗಂಡ ಹೆಂಡತಿ ಇಬ್ಬರೂ. ಭಟ್ಟರು ಪಡುವಣದ ತುದಿಯಿಂದ, ಹೆಂಡತಿ ಮೂಡಣದಿಂದ. ತುಳಸಿಕಟ್ಟೆಯ ಹತ್ತಿರ ಇಬ್ಬರ ಸಾಲೂ ಸೇರುತ್ತದೆ. ಇಷ್ಟು ಹೊಳೆದ ಮೇಲೆ ಪುಟ ತಾನಾಗಿ ಬಂತು. ತಿದ್ದಿ ತಿದ್ದಿ ಕೊನೆಗೆ ಉಳಿದ ರೂಪ ಇದು:

“ಭಟ್ಟರು ತಲೆಗೆ ಮುಟ್ಟಾಳೆ ಇಟ್ಟುಕೊಂಡು ಅಂಗಳಕ್ಕೆ ಇಳಿದರು. ಪಡುವಣದ ಮೂಲೆಯಿಂದ ಸಾಲು ಎಳೆಯುತ್ತಾ ಬಂದರು. ತುಳಸಿಕಟ್ಟೆ ಮುಟ್ಟಿ ತಿರುಗಿದರು. ಮತ್ತೊಂದು ಸಾಲು. ಮತ್ತೆ ಕಟ್ಟೆ, ಮತ್ತೆ ತಿರುಗಿದರು. ಎಂಟು ಸಾಲು ಮುಗಿಸಿ ಕಾಲು ತೊಳೆದುಕೊಂಡು ಜಗಲಿಗೆ ಬಂದರು.

‘ಅಪ್ಪಾ, ಆಚೆದು ನಾನು ಮಗುಚ್ತೇನೆ.’

‘ಬೇಡ. ಅದು ಒಣಗಿಯಾಯ್ತು.’

ಮಗ ಇಳಿದು ಹೋಗಿ ಆಚೆ ಬದಿಯಿಂದ ಒಂದು ಅಡಿಕೆ ಹೆಕ್ಕಿದ. ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಹೆಕ್ಕಿದಲ್ಲೇ ವಾಪಸು ಇಟ್ಟ.”

(ಮನೆಯೊಳಗೆ ಅವರು ಮಾತಾಡುವುದು ಹವ್ಯಕ ಭಾಷೆ. ಕಥೆ ಓದುವವರಿಗೆ ಕಷ್ಟವಾಗದಿರಲಿ ಅಂತ ಹೀಗೆ ಬರೆದೆ. ಈಗಲೂ ಅದರ ಬಗ್ಗೆ ನನಗೆ ಪೂರ್ತಿ ಸಮಾಧಾನವಿಲ್ಲ.)

ಚೆನ್ನಾಗಿ ಒಣಗಿದ ಅಡಿಕೆಯನ್ನು ಅಲುಗಿಸಿದರೆ ಸಿಪ್ಪೆಯೊಳಗಿನ ಬೀಜ ಗುಡುಗುಡು ಅನ್ನುತ್ತದೆ. ಹಸಿಯಾದರೆ ಸದ್ದಿಲ್ಲ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಆದರೆ ಮೈಸೂರಿನ ಗೆಳತಿಗೆ ಓದಲು ಕೊಟ್ಟಾಗ ಅವಳು ಕೇಳಿದ್ದು, “ಅಡಿಕೆಯನ್ನು ಯಾಕೆ ಅಲುಗಿಸಿದ?” ಅರ್ಧ ಅಂಗಳದ ವಿಷಯವೂ ಅವಳಿಗೆ ತಲುಪಿರಲಿಲ್ಲ. ಮುದುಕರು, ಸುಸ್ತಾಗಿರಬೇಕು ಅಂದುಕೊಂಡಳು.

ತಪ್ಪು ಅವಳದ್ದಲ್ಲ. ಕೆಲಸದ ಸರಿಯಾದ ರೀತಿ ಗೊತ್ತಿಲ್ಲದವರಿಗೆ ಅದರಲ್ಲಿ ಆದ ತಪ್ಪು ಹೇಗೆ ಕಾಣಬೇಕು? ಈ ಪುಟವನ್ನು ತಿದ್ದಿ ಪ್ರಯೋಜನವಿಲ್ಲ, ಹಿಂದಿನ ಪುಟಗಳಿಗೆ ಹೋಗಬೇಕು. ನಾಲ್ಕು ಪುಟ ಹಿಂದೆ ಗಂಡ ಹೆಂಡತಿ ಮಗನ ಮದುವೆಯ ವಿಷಯಕ್ಕೆ ವಾದ ಮಾಡುವ ಜಾಗವಿತ್ತು. ಅವರನ್ನು ಚಾವಡಿಯಿಂದ ಎಬ್ಬಿಸಿ ಅಂಗಳಕ್ಕೆ ಇಳಿಸಿದೆ. ಇಬ್ಬರೂ ಮಗುಚುತ್ತಲೇ ಜಗಳ ಮಾಡುತ್ತಾರೆ. ಕಟ್ಟೆಯ ಹತ್ತಿರ ಎದುರಾದಾಗ ಎರಡು ಮಾತು, ತಿರುಗಿ ಹೋಗುವಾಗ ಮೌನ, ಮತ್ತೆ ಎದುರಾದಾಗ ಉತ್ತರ. ಹೆಂಡತಿ ಒಂದು ಅಡಿಕೆ ಅಲುಗಿಸಿ ನೋಡಿ, “ಇದು ನಿಮ್ಮ ತಲೆಯ ಹಾಗೆ, ಒಳಗೆ ಏನೂ ಅಲುಗುವುದಿಲ್ಲ, ಇನ್ನೂ ಹಸಿ” ಅನ್ನುತ್ತಾರೆ. ಓದುವವರು ನಕ್ಕು ಮುಂದೆ ಹೋಗುತ್ತಾರೆ. ಬೇಕಾದದ್ದು ಅಷ್ಟೇ. ಅಡಿಕೆ ಒಣಗಿಸುವ ಪಾಠ ಅಂತ ಅನಿಸಿದ್ದರೆ ಮುಂದೆ ಏನೋ ಬರಲಿದೆ ಅಂತ ಜಾಣ ಓದುಗರು ಆಗಲೇ ಹಿಡಿದುಬಿಡುತ್ತಿದ್ದರು. ಜಗಳದ ಮಧ್ಯೆ ಬಂದದ್ದರಿಂದ ಅವರ ಗಮನವೆಲ್ಲ ಮದುವೆಯ ಮೇಲೆಯೇ ಇತ್ತು. ಹೊಸ ಪ್ರತಿಯನ್ನು ಗೆಳತಿ ಓದಿದಳು. ಈ ಸಲ ಪ್ರಶ್ನೆ ಬರಲಿಲ್ಲ.

ಆಮೇಲಿನ ಕೆಲಸ ಸಣ್ಣದು, ಆದರೆ ಹೆಚ್ಚು ಕಾಡಿದ್ದು ಅದೇ. ನನ್ನ ಹಿಂದಿನ ಪ್ರತಿಯಲ್ಲಿ “ಕಟ್ಟೆಯ ಹತ್ತಿರ ಬಂದು ನಿಂತುಬಿಟ್ಟರು” ಅಂತ ಇತ್ತು. ಈ ‘ಬಿಟ್ಟರು’ ಇದೆಯಲ್ಲ, ಅದು ಕನ್ನಡದಲ್ಲಿ ಭಾರೀ ಚಾಡಿಕೋರ. ‘ನಿಂತರು’ ಅಂದರೆ ನಿಂತರು, ಅಷ್ಟೇ. ‘ನಿಂತುಬಿಟ್ಟರು’ ಅಂದ ಕೂಡಲೇ ಹೇಳುವವನು ಪಕ್ಕದಲ್ಲಿ ನಿಂತು ಅಯ್ಯೋ ಅಂದ ಹಾಗೆ. ‘ಮೆಲ್ಲನೆ’ ತಿರುಗಿದರು, ‘ಸುಮ್ಮನೆ’ ಇಟ್ಟ, ವಾಕ್ಯದ ಕೊನೆಯ ಮೂರು ಚುಕ್ಕಿ, ಇವೆಲ್ಲ ಅದೇ ಜಾತಿ. ಒಂದೊಂದೇ ತೆಗೆದೆ. ಭಟ್ಟರು ನಿಲ್ಲುವುದನ್ನೂ ತೆಗೆದೆ. ನಿಂತರೆ ಅವರಿಗೆ ತಾನು ಏನು ಮಾಡುತ್ತಿದ್ದೇನೆ ಅಂತ ಗೊತ್ತಿದೆ ಅಂತಾಗುತ್ತದೆ. ಅವರು ಸುಮಾರು ಮೂವತ್ತು ವರ್ಷದಿಂದ ತಿರುಗಿದಲ್ಲೇ ಇವತ್ತೂ ತಿರುಗಬೇಕು, ನಿಲ್ಲದೆ.

ಒಂದು ವಾಕ್ಯ ಹೊಡೆದು ಹಾಕಲು ಮಾತ್ರ ಕೈ ಬರುತ್ತಿರಲಿಲ್ಲ: “ಆಚೆಯ ಅರ್ಧ ಅವಳದ್ದು.” ಎಷ್ಟು ಚಂದ ಇದೆ ಅಲ್ವಾ? ಹಾಗಾಗಿಯೇ ಹದಿನೈದು ದಿನ ಇಟ್ಟುಕೊಂಡೆ. ಕೊನೆಗೆ ಅದೊಂದನ್ನೇ ಬೆರಳಿನಿಂದ ಮುಚ್ಚಿ ಗಟ್ಟಿಯಾಗಿ ಓದಿದೆ. ಏನೂ ಕಡಿಮೆಯಾಗಲಿಲ್ಲ. ಬೆರಳು ತೆಗೆದು ಓದಿದರೆ, ಮಗ ಅಡಿಕೆ ಹೆಕ್ಕುವ ಮೊದಲೇ ಕಥೆ ಮುಗಿದುಹೋಗುತ್ತಿತ್ತು. ತೆಗೆದೆ.

ಇನ್ನೊಂದು ಪ್ಯಾರಾವೂ ಹೋಯಿತು. ಅದರಲ್ಲಿ ಏಪ್ರಿಲ್ ತಿಂಗಳು, ಭಟ್ಟರು ಅಡಿಕೆ ಸುಲಿಸಿ ಅಂಗಡಿಗೆ ತಂದಿದ್ದಾರೆ. ವ್ಯಾಪಾರಿ ಗೋಣಿಗೆ ಕೈಹಾಕಿ ನೋಡಿ, “ಭಟ್ರೇ, ಈ ಸಲ ಕೋಕಾ ಜಾಸ್ತಿ ಉಂಟಲ್ಲ?” ಅನ್ನುತ್ತಾನೆ. ಭಟ್ಟರು “ಮಳೆ” ಅನ್ನುತ್ತಾರೆ. ಆ ವರ್ಷ ಅಡಿಕೆ ಒಣಗುವಾಗ ಮಳೆ ಬಂದಿರುವುದಿಲ್ಲ. ಕೆಟ್ಟ ಅಡಿಕೆಗೆ ಪೇಟೆಯಲ್ಲಿ ಹೇಳುವ ಹೆಸರೇ ಕಥೆಯ ಕೊನೆಗೆ ಸಿಕ್ಕಿತು ಅಂತ ನನಗೆ ಭಾರೀ ಹೆಮ್ಮೆ ಇತ್ತು. ಆದರೆ ಹಸಿ ಅಡಿಕೆ ಕೈಯಲ್ಲಿ ಹಿಡಿದು ನಿಂತ ಮಗನ ನಂತರ ಅದೇ ಜಾಗಕ್ಕೆ ಇನ್ನೊಂದು ಪೆಟ್ಟು ಹಾಕಿದ ಹಾಗಾಗುತ್ತಿತ್ತು.

ಕಥೆ ಅಚ್ಚಾದ ಮೇಲೆ ಪೆರ್ಲದ ಕಡೆಯ ಕೃಷಿಕರೊಬ್ಬರು ಫೋನ್ ಮಾಡಿದರು. ಕಥೆ ಹೇಗಿತ್ತು ಅಂತ ಏನೂ ಹೇಳಲಿಲ್ಲ. ತುಂಬಾ ಹೊತ್ತು ಈ ವರ್ಷದ ಕೊಳೆರೋಗ, ಆಳುಗಳ ತೊಂದರೆ ಮಾತಾಡಿದರು. ಫೋನ್ ಇಡುವ ಮೊದಲು ಕೇಳಿದರು, “ಅಲ್ಲ, ಆಚೆ ಅರ್ಧ ಅಂಗಳದ್ದು ಕಡೆಗೆ ಕೋಕಾಕ್ಕೆ ಹೋಯ್ತಾ?”