ಇಬಿಐಟಿಡಿಎ ನೋಡಿದ ಮೇಲೆ ಲಾರಿಗಳ ವಯಸ್ಸು ನೋಡುತ್ತೇನೆ

ಸಾಗಣೆ ಕಂಪನಿಗಳನ್ನು ಹೋಲಿಸುವಾಗ ನಾನು ಮೊದಲು ತೆಗೆಯುವುದು ಇಬಿಐಟಿಡಿಎ, ಅಂದರೆ ಬಡ್ಡಿ, ತೆರಿಗೆ, ಸವಕಳಿ ಮತ್ತು ಅಮೂರ್ತ ಆಸ್ತಿಗಳ ಮೌಲ್ಯ ಕಡಿತಕ್ಕೆ ಮುಂಚಿನ ಗಳಿಕೆ. ಒಬ್ಬರು ಸಾಲ ಮಾಡಿ ಲಾರಿ ಕೊಂಡಿರುತ್ತಾರೆ, ಇನ್ನೊಬ್ಬರು ಷೇರುದಾರರ ಹಣದಿಂದ. ಒಬ್ಬರು ಲಾರಿಯ ಬೆಲೆಯನ್ನು ಎಂಟು ವರ್ಷಕ್ಕೆ ಹಂಚಿದರೆ ಇನ್ನೊಬ್ಬರು ಹನ್ನೆರಡಕ್ಕೆ ಹಂಚುತ್ತಾರೆ. ಇವೆಲ್ಲ ನಿವ್ವಳ ಲಾಭದಲ್ಲಿ ಕಲೆತುಹೋಗಿ, ಸರಕು ಸಾಗಿಸುವ ಕೆಲಸದಲ್ಲೇ ಯಾರು ಗಟ್ಟಿಗರು ಎಂಬುದು ಕಾಣುವುದಿಲ್ಲ. ಇಬಿಐಟಿಡಿಎ ಆ ವ್ಯತ್ಯಾಸಗಳನ್ನು ಬದಿಗಿಡುತ್ತದೆ. ವಿಶ್ಲೇಷಕರು ಅದನ್ನು ಮೆಚ್ಚುವುದಕ್ಕೆ ಇದು ನ್ಯಾಯವಾದ ಕಾರಣ.

ಆದರೆ ಅಲ್ಲಿಗೇ ನಿಲ್ಲಬಾರದು. ಎರಡು ಕಂಪನಿಗಳ ಆದಾಯ ತಲಾ 1000, ಚಾಲಕರು, ಡೀಸೆಲ್ ಮುಂತಾದ ಖರ್ಚು ತಲಾ 800 ಎಂದುಕೊಳ್ಳೋಣ. ಮೊದಲನೆಯದಕ್ಕೆ ಸ್ವಂತ ಲಾರಿಗಳಿವೆ, ಇಬಿಐಟಿಡಿಎ 200. ಎರಡನೆಯದು ಟ್ರಿಪ್ ಲೆಕ್ಕದಲ್ಲಿ ಲಾರಿ ಬಾಡಿಗೆಗೆ ಪಡೆದು 120 ಕೊಡುತ್ತದೆ, ಉಳಿಯುವುದು 80. ಇಬಿಐಟಿಡಿಎಯ ಎಂಟು ಪಟ್ಟು ಬೆಲೆ ಕಟ್ಟಿದರೆ ಒಂದು 1600, ಇನ್ನೊಂದು 640.

ಈಗ ಮೊದಲನೆಯದರ ಲಾರಿಗಳನ್ನು ನೋಡೋಣ. ಅವುಗಳ ಖರೀದಿ ಬೆಲೆ 960, ಆಯುಸ್ಸು ಎಂಟು ವರ್ಷ, ವರ್ಷಕ್ಕೆ ಸವಕಳಿ 120. ಅದನ್ನು ಕಳೆದರೆ ಇಲ್ಲೂ 80 ಮಾತ್ರ. ಲಾರಿ ಸವೆಯುವುದು ಡೀಸೆಲ್ ಉರಿದಷ್ಟೇ ನಿಜವಾದ ಖರ್ಚು; ಹಣ ಮೊದಲೇ ಕೊಟ್ಟಾಗಿದೆ, ಅಷ್ಟೇ. ಇಂದಿನ ಬೆಲೆಯಲ್ಲಿ ಅಷ್ಟೂ ಲಾರಿಗಳಿಗೆ 1200 ಬೇಕಾದರೆ, ವರ್ಷಕ್ಕೆ 150 ತೆಗೆದಿಡಬೇಕು. ಉಳಿಯುವುದು 50. ಬಾಡಿಗೆ ಕಂಪನಿಯೇ ಮುಂದಿದೆ! ಬಡ್ಡಿ, ತೆರಿಗೆಗಳು ಇನ್ನೂ ಲೆಕ್ಕಕ್ಕೇ ಬಂದಿಲ್ಲ.

ಹಾಗಾಗಿ ನಾನು ನಗದು ಹರಿವಿನ ಪಟ್ಟಿಯಲ್ಲಿ ಲಾರಿಯಂಥ ಸ್ಥಿರ ಆಸ್ತಿಗಳ ಖರೀದಿಯ ಸಾಲನ್ನು ಹಲವು ವರ್ಷಗಳಿಗೆ ತೆಗೆದು ಸರಾಸರಿ ಮಾಡುತ್ತೇನೆ. ಒಂದೇ ವರ್ಷದ ಅಂಕಿ ನಂಬುವಂತಿಲ್ಲ, ಖರೀದಿ ಮುಂದೂಡುವುದು ಸುಲಭ. ಖರೀದಿ ಸತತವಾಗಿ ಸವಕಳಿಗಿಂತ ಕಡಿಮೆಯಿದ್ದರೆ ಲೆಕ್ಕಪತ್ರದ ಟಿಪ್ಪಣಿಗಳಲ್ಲಿರುವ ಸಂಚಿತ ಸವಕಳಿಯನ್ನು, ಅಂದರೆ ಈವರೆಗೆ ಸೇರುತ್ತಾ ಬಂದ ಸವಕಳಿಯನ್ನು, ಒಟ್ಟು ಖರೀದಿ ಬೆಲೆಯಿಂದ ಭಾಗಿಸುತ್ತೇನೆ. 960ಕ್ಕೆ 720 ಆಗಿದ್ದರೆ ಮುಕ್ಕಾಲು ಭಾಗ ಸವೆದಿದೆ: ಲಾರಿಗಳು ಸರಾಸರಿ ಆರು ವರ್ಷ ಹಳೆಯವು, ದೊಡ್ಡ ಖರ್ಚು ಬಾಗಿಲಲ್ಲೇ ನಿಂತಿದೆ. ವ್ಯಾಪಾರ ಬೆಳೆಸಲೆಂದು ಕೊಂಡ ಹೊಸ ಲಾರಿಗಳನ್ನು ಮಾತ್ರ ಈ ಖರ್ಚಿಗೆ ಸೇರಿಸುವುದಿಲ್ಲ; ಕಂಪನಿ ಬಿಡಿಸಿ ಹೇಳದಿದ್ದರೆ ಅದು ಅಂದಾಜೇ.

ಗುತ್ತಿಗೆಯನ್ನೂ ನೋಡಬೇಕು. ಐಎಫ್‌ಆರ್‌ಎಸ್ 16 ಎಂಬ ಅಂತರರಾಷ್ಟ್ರೀಯ ಲೆಕ್ಕಪತ್ರ ನಿಯಮ 2019ರಲ್ಲಿ ಜಾರಿಯಾದ ಮೇಲೆ ದೀರ್ಘ ಗುತ್ತಿಗೆಯ ಬಾಡಿಗೆ ಸವಕಳಿ ಮತ್ತು ಬಡ್ಡಿಯಾಗಿ ಒಡೆಯುತ್ತದೆ. ಎರಡನೆಯ ಕಂಪನಿ ಟ್ರಿಪ್ ಬಾಡಿಗೆ ಬಿಟ್ಟು ಅದೇ ಮೊತ್ತಕ್ಕೆ ಐದು ವರ್ಷದ ಗುತ್ತಿಗೆ ಮಾಡಿಕೊಂಡರೆ, ಒಂದು ಸರಕೂ ಹೆಚ್ಚು ಸಾಗಿಸದೆ ಅದರ ಇಬಿಐಟಿಡಿಎ 80ರಿಂದ 200ಕ್ಕೆ ಏರುತ್ತದೆ. ಅಂಥಲ್ಲಿ ಗುತ್ತಿಗೆಯ ನಗದು ಪಾವತಿಯನ್ನು ಹುಡುಕಿ ಮತ್ತೆ ಕಳೆಯುತ್ತೇನೆ.