ಆಫೀಸ್ ಟ್ರಿಪ್ಪಿಗೆ ಗೇಮ್ ಆರಿಸೂದು ಹೆಂಗ?

ಗೇಮ್ ಆಡಿ ರೂಢಿ ಇದ್ದವರೇ ಗೇಮ್ ಆರಿಸ್ತಾರ, ಅಲ್ಲೇ ಕೆಡತೈತ್ರಿ. ಮಾಫಿಯಾ ಶುರು ಮಾಡ್ತಾರ, ಮೊದಲನೇ ರೌಂಡಿಗೇ ಔಟ್ ಆದ ಅಕೌಂಟ್ಸ್ ಮೇಡಂ ಆಟ ಮುಗಿಯೂತನಕ ಫೋನ್ ನೋಡಕೋತ ಕೂಡ್ತಾರ. ಕೋಡ್‌ನೇಮ್ಸ್ ಛಲೋ ಗೇಮೇ, ಆದ್ರ 25 ಶಬ್ದ ಹರವಿ ಹೊಸಬರನ್ನ ಸುಳಿವು ಕೊಡೂ ಸ್ಪೈಮಾಸ್ಟರ್ ಮಾಡಿದ್ರ ಎಲ್ಲಾರೂ ಅವರ ಮಾರಿನೇ ನೋಡ್ತಾರ, ಅವರಿಗೆ ಏನೂ ಹೊಳ್ಯಂಗಿಲ್ಲ.

ಅದಕ್ಕ ಮೊದಲ ಎರಡು ನೋಡ್ರಿ: ಯಾರೂ ಔಟ್ ಆಗಬಾರದು, ರೂಲ್ಸ್ ಎರಡು ಮಿನಿಟಿನ್ಯಾಗ ಹೇಳಿ ಮುಗೀಬೇಕು. ನನ್ನ ಕೇಳಿದ್ರ ಜಸ್ಟ್ ಒನ್ ಆಡ್ರಿ. 2019ರಾಗ ಜರ್ಮನಿಯ ದೊಡ್ಡ ಗೇಮ್ ಪ್ರಶಸ್ತಿ ಬಂದದ್ದು, 3ರಿಂದ 7 ಮಂದಿಗೆ. ಬಾಕ್ಸ್ ತರೂದು ಬ್ಯಾಡ, ಅದರಾಗ ಇಂಗ್ಲಿಷ್ ಶಬ್ದ ಇರತಾವ. ರದ್ದಿ ಹಾಳಿ, ದಪ್ಪ ಸ್ಕೆಚ್ ಪೆನ್ ಸಾಕು. ಫೋನ್ ಆ್ಯಪಂತೂ ಬ್ಯಾಡೇ ಬ್ಯಾಡ, ಅರ್ಧ ಮಂದಿಗೆ ರೇಂಜ್ ಸಿಗಂಗಿಲ್ಲ.

ಇಪ್ಪತ್ತು ಮಂದಿ ಇದ್ರ ಮೂರು ಗುಂಪು ಮಾಡ್ರಿ, ರೂಢಿ ಇದ್ದವರನ್ನ ಹಂಚಿ ಹಾಕ್ರಿ.

ಈಗ ಎಲ್ಲಾರೂ ತಪ್ಪೂ ಜಾಗ, ರೂಲ್ಸ್ ಹೇಳೂದು. ಬಾಯಿಲೆ ಭಾಷಣ ಮಾಡಬ್ಯಾಡ್ರಿ, ಒಂದು ಸುಳ್ಳು ರೌಂಡ್ ಆಡಿಸ್ರಿ. ಗೊಟಗೋಡಿ ರಾಕ್ ಗಾರ್ಡನ್‌ನ್ಯಾಗ ಗಿಡದ ನೆರಳಿಗೆ ಏಳು ಮಂದಿ ಕುಂತೀರಿ ಅಂತ ಇಟ್ಕೊಳ್ರಿ. ಒಬ್ಬರು ಕಣ್ಣು ಮುಚ್ಚಬೇಕು, ಶಬ್ದ ಯಾವುದಂತ ಸುಳಿವು ನೋಡಿ ಆಮ್ಯಾಲೆ ಅವರೇ ಹೇಳಬೇಕು. ಉಳಿದ ಆರು ಮಂದಿಗೆ ‘ಪೇಡೆ’ ಅಂತ ಬರದು ತೋರಸ್ರಿ. ಆರೂ ಮಂದಿ ಮಾತಾಡದ ಒಂದೊಂದು ಸುಳಿವು ಬರೀಬೇಕು, ಒಂದೇ ಶಬ್ದ. ಹಾಳಿ ತಿರುವಿದ್ರ ಧಾರವಾಡ, ಸಿಹಿ, ಧಾರವಾಡ, ಖವಾ, ಸ್ವೀಟ್, ಲೈನ್‌ಬಜಾರ್. ಒಂದೇ ಥರದ್ದು ಎರಡು ಬಂದ್ರ ಎರಡೂ ರದ್ದು, ಹಿಂಗಾಗಿ ಧಾರವಾಡ ಹೋತು. ಸಿಹಿ, ಸ್ವೀಟ್ ಸೈತ ಒಂದೇ ಅಂತ ಹಿಡೀಬೇಕು, ಇದನ್ನ ಮೊದಲೇ ಹೇಳದಿದ್ರ ಜಗಳ ಗ್ಯಾರಂಟಿ. ಓಣಿ ಹೆಸರು ಒಂದು ಶಬ್ದ ಅಂತ ಬಿಡ್ರಿ. ಕಣ್ಣು ತೆಗದವರಿಗೆ ಉಳಿದದ್ದು ಖವಾ, ಲೈನ್‌ಬಜಾರ್ ಎರಡೇ, ಅಷ್ಟರಾಗ ಪೇಡೆ ಅಂದೇ ಅಂತಾರ. ಎಲ್ಲಾರಿಗಿಂತ ಮೊದಲ ಹೊಳ್ಯೂ ಸುಳಿವೇ ಕ್ಯಾನ್ಸಲ್ ಆಗೂದು ಅಂತ ಅಲ್ಲೇ ಕಣ್ಣಿಗೆ ಕಾಣತೈತಿ, ಬ್ಯಾರೆ ವಿವರಣೆ ಬೇಕಾಗಂಗಿಲ್ಲ. ಇಲ್ಲಿ ಹಳೇ ಆಟಗಾರಗ ಲಾಭ ಇಲ್ಲ, ದಿನಾ ಸಂತಿ ಮಾಡೂ ಪ್ಯೂನ್ ಕಾಕಾನ ಸುಳಿವೇ ಉಳೀತೈತಿ.

ಶಬ್ದ ಮನ್ಯಾಗ ಬರದು ತರ್ರಿ, ಮೂವತ್ತು ಸಾಕು. ಗಿರಮಿಟ್, ಚಿಗರಿ ಬಸ್, ಉಣಕಲ್ ಕೆರಿ, ಛತ್ರಿ, ಇಂಥವು. ಐಟಿ ಟೀಮಿಗಷ್ಟೇ ತಿಳಿಯೂದು, ಕ್ರಿಕೆಟ್ ನೋಡೂ ಮಂದಿಗಷ್ಟೇ ಗೊತ್ತಿರೂದು ತಗದು ಒಗೀರಿ. ಆರೂ ಸುಳಿವು ಪದೇ ಪದೇ ರದ್ದಾಗಾಕತ್ರ ಶಬ್ದ ಭಾಳ ಸರಳ ಆಗ್ಯಾವು ಅಂತ ತಿಳೀರಿ, ‘ಹಾಲು’ ಬಿಟ್ಟು ‘ಹಾಲಿನ ಪಾಕೀಟ’ ಇಡ್ರಿ.

ಮಾರ್ಕ್ಸ್ ಬರ್ಕೋಬ್ಯಾಡ್ರಿ. ಗುಂಪಿನ್ಯಾಗ ಎಲ್ಲಾರೂ ಒಂದೊಂದು ಸಲ ಕಣ್ಣು ಮುಚ್ಚಿದ್ರ ಆಟ ಮುಗೀತು, ಇನ್ನೊಮ್ಮೆ ಆಡೂನು ಅಂದ್ರ ಗುಂಪು ಬದಲ ಮಾಡ್ರಿ.